ಸಾರುವೆ ವಾರದ ತಪಾಸಣೆ ಪಟ್ಟಿ ಮತ್ತು ಟ್ಯಾಗ್ ಬರಹ

ಸೈಟು: ನೆಲಮಹಡಿ + 9, ವಸತಿ ಕಟ್ಟಡ, ಕನಕಪುರ ರಸ್ತೆ, ಬೆಂಗಳೂರು
ಕೆಲಸ: ಹೊರಗೋಡೆ ಗಾರೆ
ಸಾರುವೆ: 48.3 ಮಿ.ಮೀ. ಪೈಪು, ಕ್ಲಾಂಪು ಜೋಡಣೆ, ಹಸಿರು ಬಲೆ. ಪಶ್ಚಿಮ ಮುಖ 36 ಮೀ. (18 ಬೇ), ಉತ್ತರ ಮುಖ 16 ಮೀ. (8 ಬೇ). ಹಂತ 2 ಮೀ., ಒಟ್ಟು 15 ಹಂತ
ತಪಾಸಣೆ: ಸೋಮವಾರ, 16-06-2025, ಬೆಳಿಗ್ಗೆ 6:30, ಯಾರೂ ಹತ್ತುವ ಮೊದಲು
ಜೊತೆಗಿದ್ದವರು: ಸೇಫ್ಟಿ ಆಫೀಸರ್, ಸಾರುವೆ ಮೇಸ್ತ್ರಿ, ಸೈಟ್ ಎಂಜಿನಿಯರ್

ತಪಾಸಣೆ ಬುಡದಿಂದ ಶುರುವಾಗಿ ಮೇಲಕ್ಕೆ ಹೋಗಬೇಕು. ಜೋರು ಮಳೆ, ಗಾಳಿ ಅಥವಾ ಸಾರುವೆಯಲ್ಲಿ ಯಾವುದೇ ಬದಲಾವಣೆ ಆದರೆ ಸೋಮವಾರಕ್ಕೆ ಕಾಯದೆ ಮತ್ತೆ ನೋಡಬೇಕು.

1. ಬುಡ
☑ ಪ್ರತಿ ನಿಲುವು ಪೈಪಿನ ಕೆಳಗೆ ಬೇಸ್ ಪ್ಲೇಟ್, ಅದರ ಕೆಳಗೆ ಹಲಗೆ ಇದೆ
☒ ಪಶ್ಚಿಮ, ಬೇ 2: ಶನಿವಾರದ ಮಳೆನೀರು ಹಲಗೆ ಕೆಳಗಿನ ಮಣ್ಣು ಕೊಚ್ಚಿದೆ, ಒಂದು ಪ್ಲೇಟು ಗಾಳಿಯಲ್ಲಿ ನಿಂತಿದೆ. ಇಟ್ಟಿಗೆ ಚೂರು ತುರುಕಿ ಸರಿಮಾಡುವಂತಿಲ್ಲ. ಮಣ್ಣು ತುಂಬಿ, ದಮ್ಮಸ್ಸು ಮಾಡಿ, ಹೊಸ ಹಲಗೆ ಹಾಕಿ, ಜ್ಯಾಕ್ ತಿರುಗಿಸಿ ಭಾರ ಕೂರಿಸಬೇಕು. ನೀರು ಹರಿಯಲು ಬೇರೆ ದಾರಿ ತೋಡಬೇಕು.

2. ಗೋಡೆ ಕಟ್ಟು (ಟೈ)
ಡ್ರಾಯಿಂಗ್ ಪ್ರಕಾರ ಎತ್ತರಕ್ಕೆ 4 ಮೀ., ಉದ್ದಕ್ಕೆ 4 ಮೀ.ಗೆ ಒಂದು. ಪಶ್ಚಿಮದಲ್ಲಿ 70 ಇರಬೇಕು. ಅಂದಾಜು ಬೇಡ, ಎಣಿಸಿ.
☒ ಸಿಕ್ಕಿದ್ದು 67. ಹಂತ 10ರಲ್ಲಿ ನಿಲುವು 7, 9, 11ರ ಕಟ್ಟು ಇಲ್ಲ. ಫಿನಿಶಿಂಗ್ ಕೋಟಿಗೆ ಅಡ್ಡ ಬಂತೆಂದು ಗಾರೆಯವರು ಬಿಚ್ಚಿದ್ದಾರೆ, ವಾಪಸ್ ಹಾಕಿಲ್ಲ. ಇದೇ ಅತಿ ಸಾಮಾನ್ಯ ತಪ್ಪು, ಅತಿ ಅಪಾಯದ್ದೂ ಹೌದು. 20 ಮೀ. ಎತ್ತರದಲ್ಲಿ ಅಡ್ಡಕ್ಕೆ 16 ಮೀ. ಉದ್ದ ಹಿಡಿತವಿಲ್ಲದೆ ನಿಂತಿದೆ. ಬಲೆ ಇರುವುದರಿಂದ ಸಾರುವೆಯ ಮೇಲೆ ಗಾಳಿಯ ಒತ್ತಡ ಇನ್ನೂ ಹೆಚ್ಚು ಬೀಳುತ್ತದೆ.
ಕ್ರಮ: ಪಶ್ಚಿಮ ಮುಖ ಇಡೀ ಕೆಂಪು. ಆ ಬೇಗಳನ್ನಷ್ಟೇ ಮುಚ್ಚಿದರೆ ಸಾಲದು, ನಿಲುವು ಪೈಪುಗಳು ನೆಲದಿಂದ ತುದಿವರೆಗೆ ಒಂದಕ್ಕೊಂದು ಜೋಡಿಕೊಂಡಿವೆ. ಹೊಸ ಆಂಕರ್ ಮೂರನ್ನೂ ಡ್ರಾಯಿಂಗ್‌ನ ಲೋಡಿನ 1.25 ಪಟ್ಟು ಎಳೆದು ಪರೀಕ್ಷಿಸಬೇಕು. ಮುಂದೆ ಕಟ್ಟು ತೆಗೆಯಬೇಕಾದರೆ ಮೊದಲು ಪಕ್ಕದಲ್ಲಿ ಬದಲಿ ಕಟ್ಟು, ಆಮೇಲೆ ಹಳೆಯದು; ತೆಗೆಯುವವರು ಸಾರುವೆ ಮೇಸ್ತ್ರಿಯ ತಂಡದವರು ಮಾತ್ರ.

3. ಪೈಪು, ಕ್ಲಾಂಪು, ಬ್ರೇಸಿಂಗ್
☑ ಬಾಗಿದ, ಸೀಳಿದ, ಆಳವಾಗಿ ತುಕ್ಕು ತಿಂದ ಪೈಪಿಲ್ಲ
☑ ಪ್ರತಿ ಹಂತದಲ್ಲಿ 6 ಕ್ಲಾಂಪು ಟಾರ್ಕ್ ಸ್ಪ್ಯಾನರ್‌ನಲ್ಲಿ 50 ನ್ಯೂಟನ್ ಮೀಟರ್‌ಗೆ ನೋಡಿದೆ. ಹಂತ 6ರಲ್ಲಿ ಎರಡು ಸಡಿಲ ಸಿಕ್ಕಿದ್ದರಿಂದ ಆ ಹಂತದ ಎಲ್ಲವನ್ನೂ ಬಿಗಿಮಾಡಿಸಿದೆ
☑ ಬ್ರೇಸಿಂಗ್ ಬುಡದಿಂದ ತುದಿವರೆಗೆ ಇದೆ

4. ಅಟ್ಟ ಮತ್ತು ಕಟಾಂಜನ
☑ ಹಲಗೆಗಳ ನಡುವೆ 25 ಮಿ.ಮೀ.ಗಿಂತ ಹೆಚ್ಚು ಸಂದಿಲ್ಲ, ಕೊಕ್ಕೆ ಬಿಗಿಯಾಗಿವೆ
☑ ಕಟಾಂಜನ 1 ಮೀ., ನಡುಪೈಪು 0.5 ಮೀ., ಕಾಲುಹಲಗೆ 150 ಮಿ.ಮೀ.
☒ ಪಶ್ಚಿಮ, ಹಂತ 13, ಬೇ 3-4: ಗೋಡೆಗೂ ಹಲಗೆಗೂ 420 ಮಿ.ಮೀ. ಅಂತರ, ಸೈಟಿನ ಮಿತಿ 300. ಒಳಗಡೆ ಬ್ರಾಕೆಟ್ ಹಾಕಿ ಇನ್ನೊಂದು ಹಲಗೆ ಕೊಡಬೇಕು. ಗಡುವು: 18-06-2025, ಸಂಜೆ 5.
☑ ಒಣಗಿದ ಗಾರೆ ಕೆರೆದು ತೆಗೆದಿದ್ದಾರೆ

5. ಏಣಿ, ಕರೆಂಟು
☑ ಏಣಿ ಅಟ್ಟಕ್ಕಿಂತ 1 ಮೀ. ಮೇಲೆ ಚಾಚಿದೆ, ತುದಿ ಕಟ್ಟಿದೆ
☒ ಉತ್ತರ, ಹಂತ 3: ಲೈಟಿನ ವೈರು ಪೈಪಿಗೆ ಸುತ್ತಿತ್ತು. ಸ್ಥಳದಲ್ಲೇ ಬಿಚ್ಚಿಸಿದೆ. 30 ಮಿಲಿಆಂಪ್ ಟ್ರಿಪ್ಪರ್ ಒತ್ತಿ ನೋಡಿದೆ, ಕೆಲಸ ಮಾಡುತ್ತಿದೆ.

ತೀರ್ಮಾನ
ಉತ್ತರ: ಹಸಿರು. ಪಶ್ಚಿಮ: 7:40ಕ್ಕೆ ಕೆಂಪು. ಬುಡ, ಕಟ್ಟು ಸರಿಯಾದ ಮೇಲೆ ಮಧ್ಯಾಹ್ನ 3:15ಕ್ಕೆ ಮರುತಪಾಸಣೆ, ಹಳದಿ. ಬುಡದಲ್ಲಿ ಹಸಿರು, ಹಂತ 13ರಲ್ಲಿ ಹಳದಿ ಎಂದು ಹಾಕಿದರೆ ಹತ್ತುವವರ ಕಣ್ಣಿಗೆ ಬೀಳುವುದು ಹಸಿರು ಮಾತ್ರ. ಆದ್ದರಿಂದ ಎರಡೂ ಏಣಿಯ ಬುಡದಲ್ಲಿ ಹಳದಿಯೇ.

ಟ್ಯಾಗ್ ಬರಹ (ಕೆಳಗೆ ಹಿಂದಿಯಲ್ಲೂ ಇರಲಿ, ಕನ್ನಡ ಓದದ ಕೆಲಸಗಾರರೇ ಹೆಚ್ಚು)

*ಹಸಿರು – ಉತ್ತರ ಮುಖ*
ಹತ್ತಬಹುದು. ತಪಾಸಣೆ 16-06-2025. 22-06-2025ರವರೆಗೆ ಮಾತ್ರ. ಒಂದು ಬೇಗೆ 360 ಕೆ.ಜಿ. ಮಿತಿ: ಇಬ್ಬರು, 8 ಬಾಣಲಿ ಗಾರೆ. ಒಂದೇ ಸಲಕ್ಕೆ ಎರಡು ಹಂತದಲ್ಲಷ್ಟೇ ಕೆಲಸ. ಪೈಪು, ಕ್ಲಾಂಪು, ಕಟ್ಟು ಮುಟ್ಟಬೇಡಿ.

*ಹಳದಿ – ಪಶ್ಚಿಮ ಮುಖ*
ಷರತ್ತಿನ ಮೇಲೆ ಹತ್ತಿ. ಹಂತ 13, ಬೇ 3-4: ಗೋಡೆ ಕಡೆ ಬೀಳುವ ಸಂದು ಇದೆ. ಅಲ್ಲಿ ಪೂರ್ತಿ ಬೆಲ್ಟು ಹಾಕಿ, ಕೊಕ್ಕೆಯನ್ನು ಮೇಲಿನ ಲೈಫ್‌ಲೈನಿಗೆ ಸಿಕ್ಕಿಸಿ, ಕಟಾಂಜನಕ್ಕೆ ಬೇಡ. ಉಳಿದ ಕಡೆ ಭಾರದ ಮಿತಿ ಹಸಿರು ಟ್ಯಾಗಿನಂತೆಯೇ: ಒಂದು ಬೇಗೆ 360 ಕೆ.ಜಿ., ಎರಡು ಹಂತ. 18-06-2025 ಸಂಜೆ 5ರ ನಂತರ ಈ ಟ್ಯಾಗ್ ನಡೆಯದು. ಸಂದು ಮುಚ್ಚದಿದ್ದರೆ ಕೆಂಪು.

*ಕೆಂಪು – ಪಶ್ಚಿಮ ಮುಖ, 7:40ರಿಂದ 3:15*
ಹತ್ತಬೇಡಿ. ಗೋಡೆ ಕಟ್ಟು ಇಲ್ಲ, ಬುಡ ಕುಸಿದಿದೆ. ಸಾರುವೆ ತಂಡಕ್ಕೆ ಮಾತ್ರ ಪ್ರವೇಶ. ಈ ಟ್ಯಾಗ್ ತೆಗೆಯುವ ಹಕ್ಕು ಸೇಫ್ಟಿ ಆಫೀಸರ್‌ಗೆ ಮಾತ್ರ.
(ಕೆಂಪು ಟ್ಯಾಗ್ ಜೊತೆಗೆ ಏಣಿಯ ಮೊದಲ ಆರು ಮೆಟ್ಟಿಲಿಗೆ ಹಲಗೆ ಕಟ್ಟಿ ಮುಚ್ಚಿದೆ. ಟ್ಯಾಗ್ ಒಂದೇ ಯಾರನ್ನೂ ತಡೆಯದು.)

ಸಹಿ: ಸೇಫ್ಟಿ ಆಫೀಸರ್, ಸಾರುವೆ ಮೇಸ್ತ್ರಿ, ಸೈಟ್ ಎಂಜಿನಿಯರ್ – ಮೂವರೂ ಹಾಕಿದ್ದಾರೆ. ಮುಂದಿನ ತಪಾಸಣೆ: 23-06-2025, ಬೆಳಿಗ್ಗೆ 6:30.