ಕ್ರೀಮಿನ ಕ್ಲೋಸ್‌ಅಪ್: ಎಂಟು ಸೆಕೆಂಡಿನ ವಿಡಿಯೊಗೆ ಪ್ರಾಂಪ್ಟ್

ಬೆಂಗಳೂರಿನ ಜಯನಗರದ ಸಣ್ಣ ಘಟಕವೊಂದರಲ್ಲಿ ಮುರುಗಲು ತುಪ್ಪ ಮತ್ತು ಗ್ಲಿಸರಿನ್ ಸೇರಿಸಿ ಚಳಿಗಾಲಕ್ಕೆಂದು ತಯಾರಿಸಿದ ಮುಖದ ಕ್ರೀಮಿನ ಜಾಹೀರಾತಿಗಾಗಿ, ನಡುವೆ ಎಲ್ಲೂ ಕಟ್ ಇಲ್ಲದ, 8 ಸೆಕೆಂಡಿನ ಒಂದೇ ಶಾಟ್ ರಚಿಸಿ. ಮೊಬೈಲಿನಲ್ಲಿ ನೋಡುವ ವಿಡಿಯೊ ಆದ್ದರಿಂದ ಚೌಕಟ್ಟು 9:16 ಅನುಪಾತದಲ್ಲಿ ಲಂಬವಾಗಿರಲಿ, ವೇಗ ಸೆಕೆಂಡಿಗೆ 24 ಫ್ರೇಮ್ ಇರಲಿ.

ಅಗಲ ಬಾಯಿಯ, ಗಿಡ್ಡನೆಯ, ಮಬ್ಬು ಬಿಳಿ ಗಾಜಿನ ಡಬ್ಬಿಯೊಂದು ನಯ ಮಾಡದ ಬೂದು ಬಣ್ಣದ ಸಾದರಹಳ್ಳಿ ಕಲ್ಲಿನ ಮೇಲಿದೆ. ಮುಚ್ಚಳ ತೆಗೆದಿದೆ. ಕಲ್ಲಿನ ಒರಟು ಕಣಗಳು ಚೌಕಟ್ಟಿನ ಕೆಳಗಂಚಿನಲ್ಲಿ ಮಸುಕಾಗಿ ಕಂಡರೆ ಸಾಕು. ಆ ಒರಟುತನದ ಎದುರಿನಲ್ಲೇ ಕ್ರೀಮಿನ ನುಣುಪು ಎದ್ದು ಕಾಣಬೇಕು. ಹಿನ್ನೆಲೆ ತಿಳಿಯಾದ ಮರಳಿನ ಬಣ್ಣದ ಬರಿಯ ಗೋಡೆ. ಹೂವು, ಎಲೆ, ನೀರ ಹನಿ ಯಾವುದೂ ಬೇಡ.

ಕ್ರೀಮಿನ ಬಣ್ಣ ಆಗತಾನೆ ಕಡೆದು ತೆಗೆದ ಬೆಣ್ಣೆಯ ಬಿಳುಪು, ಅದರಲ್ಲಿ ಕಂಡೂ ಕಾಣದಷ್ಟು ಹಳದಿಯ ಛಾಯೆ. ಮೇಲ್ಮೈಯಲ್ಲಿ ಒಂದೇ ಒಂದು ಸುರುಳಿ ಮೂಡಿರಲಿ, ಅದರ ಏಣುಗಳು ದುಂಡಾಗಿರಲಿ. ಈ ದೃಶ್ಯದ ಜೀವವೆಲ್ಲ ಹೊಳಪಿನಲ್ಲಿದೆ, ಹಾಗಾಗಿ ಇದನ್ನು ತುಸು ವಿವರವಾಗಿಯೇ ಹೇಳುತ್ತೇನೆ: ಅದು ಎಣ್ಣೆ ಸುರಿದಂತಹ ಹೊಳಪಲ್ಲ, ಪ್ಲಾಸ್ಟಿಕ್ಕಿನ ಹೊಳಪೂ ಅಲ್ಲ, ಒಳಗೆ ತೇವ ಹಿಡಿದಿಟ್ಟುಕೊಂಡ ವಸ್ತುವಿನ ಹೊಳಪು. ಬೆಳಕು ಕ್ರೀಮಿನ ಮೇಲ್ಪದರದೊಳಕ್ಕೆ ಸ್ವಲ್ಪ ಇಳಿದು ಚದುರಿ ಹೊರಬರುವುದರಿಂದ, ಸುರುಳಿಯ ತೆಳುವಾದ ಅಂಚುಗಳು ಒಳಗಿನಿಂದ ಬೆಳಗಿದಂತೆ ಕಾಣಬೇಕು, ತಗ್ಗುಗಳಲ್ಲಿನ ನೆರಳು ಕಪ್ಪಾಗದೆ ಬೆಚ್ಚಗಿನ ಬೂದು ಬಣ್ಣದಲ್ಲೇ ಉಳಿಯಬೇಕು. ಗಾಳಿಗುಳ್ಳೆ, ಗಂಟು, ಒಡೆದ ಕ್ರೀಮಿನಲ್ಲಿ ಕಾಣುವ ನೀರು ಎಲ್ಲಿಯೂ ಇರಬಾರದು.

ಮುಖ್ಯ ಬೆಳಕು ಎಡಗಡೆ ಹಿಂಬದಿಯ ಮೇಲಿನಿಂದ, ದೊಡ್ಡ ಸಾಫ್ಟ್‌ಬಾಕ್ಸ್ ಒಂದರಿಂದ ಬರಲಿ. ಡಿಸೆಂಬರಿನ ಬೆಳಗ್ಗೆ ಹಳೆಯ ಬೆಂಗಳೂರಿನ ಮನೆಯ ಕಿಟಕಿಗೆ ತೆಳುವಾದ ಬಿಳಿ ಹತ್ತಿಯ ಪರದೆ ಇಳಿಬಿಟ್ಟಾಗ ಒಳಗೆ ಬೀಳುವ ಬೆಳಕಿನಷ್ಟು ಅದು ಮೃದುವಾಗಿರಬೇಕು. ಬಣ್ಣದ ತಾಪ ಸುಮಾರು 5000 ಕೆಲ್ವಿನ್. ಬಲಗಡೆ ಬಿಳಿ ಹಲಗೆಯೊಂದು ಅದೇ ಬೆಳಕನ್ನು ಹಿಂದಿರುಗಿಸಿ ನೆರಳನ್ನು ತಿಳಿಗೊಳಿಸಲಿ. ಕ್ರೀಮಿನ ಮೇಲಿನ ಹೊಳಪು ಎಂದರೆ ದೀಪದ ಪ್ರತಿಬಿಂಬವೇ ಆದ್ದರಿಂದ, ದೀಪ ಚಿಕ್ಕದಾದರೆ ಚುಚ್ಚುವ ಬಿಳಿ ಚುಕ್ಕೆಗಳು ಬೀಳುತ್ತವೆ. ನಮಗೆ ಬೇಕಾದದ್ದು ಅಂಚು ಕರಗಿದ, ಅಗಲವಾದ, ಒಂದೇ ಹೊಳಪಿನ ಪಟ್ಟಿ. ಆ ಪಟ್ಟಿಯೊಳಗೂ ಕ್ರೀಮಿನ ಮೇಲ್ಮೈ ಕಾಣುತ್ತಿರಬೇಕು, ಎಲ್ಲಿಯೂ ಬರಿ ಬಿಳುಪಾಗಿ ಸುಟ್ಟುಹೋಗಬಾರದು.

ಕ್ಯಾಮೆರಾಗೆ 100 ಮಿ.ಮೀ. ಮ್ಯಾಕ್ರೊ ಲೆನ್ಸಿನ ನೋಟವಿರಲಿ, ಕೋನ ಮೇಲ್ಮೈಗೆ ಸುಮಾರು 30 ಡಿಗ್ರಿ. ಫೋಕಸ್ ಸುರುಳಿಯ ತುದಿಯಲ್ಲಿ ನಿಂತು, ಡಬ್ಬಿಯ ಹಿಂದಿನ ಅಂಚು ಕರಗಿಹೋಗಲಿ.

ಮೊದಲ 2 ಸೆಕೆಂಡು ಏನೂ ಚಲಿಸುವುದಿಲ್ಲ, ಕ್ಯಾಮೆರಾ ಮಾತ್ರ ಎಡದಿಂದ ಬಲಕ್ಕೆ ಕೂದಲೆಳೆಯಷ್ಟು ಸರಿಯುತ್ತದೆ; ಅದಕ್ಕೆ ತಕ್ಕಂತೆ ಹೊಳಪಿನ ಪಟ್ಟಿ ಸುರುಳಿಯ ಮೇಲೆ ಜಾರುತ್ತದೆ. ಆಮೇಲೆ ಬಲಗಡೆಯಿಂದ ಒಂದೇ ಒಂದು ಬೆರಳು, ಉಂಗುರದ ಬೆರಳು, ಚೌಕಟ್ಟಿನೊಳಗೆ ಬಂದು ಕ್ರೀಮನ್ನು ಮುಟ್ಟಿ, ಒತ್ತದೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ 120 ಫ್ರೇಮಿನಲ್ಲಿ ಚಿತ್ರೀಕರಿಸಿ 24ರಲ್ಲಿ ತೋರಿಸಿದಂತೆ, ಸಹಜ ವೇಗಕ್ಕಿಂತ ಐದು ಪಟ್ಟು ನಿಧಾನವಾಗಿ ಈ ಚಲನೆ ಸಾಗಲಿ. ಬೆರಳು ಸಾಗಿದ ದಾರಿಯಲ್ಲಿ ನುಣುಪಾದ ಕಾಲುವೆಯೊಂದು ತೆರೆದುಕೊಂಡು, ಎರಡು ಬದಿಯಲ್ಲೂ ಕ್ರೀಮು ದಪ್ಪ ಮಡಿಕೆಯಾಗಿ ಏಳುತ್ತದೆ. ಒತ್ತಡ ಬಿದ್ದಲ್ಲಿ ಸಡಿಲಾಗಿ, ಬಿಟ್ಟೊಡನೆ ನಿಂತುಕೊಳ್ಳುವುದು ಇಂತಹ ಕ್ರೀಮಿನ ಗುಣ. ಆದ್ದರಿಂದ ಕಾಲುವೆ ಮತ್ತೆ ಮುಚ್ಚಿಕೊಳ್ಳಬಾರದು, ಕ್ರೀಮು ಹಾಲಿನಂತೆ ಹರಿಯಲೂಬಾರದು. 6ನೇ ಸೆಕೆಂಡಿಗೆ ಬೆರಳು ಮೇಲೇಳುವಾಗ ಕ್ರೀಮು ಮೊನಚಾಗಿ ಮೇಲಕ್ಕೆಳೆದು, ಬಿಟ್ಟುಕೊಂಡು, ಆ ಮೊನೆ ಮೆಲ್ಲನೆ ಒಂದು ಕಡೆಗೆ ಬಾಗುತ್ತದೆ. ಕೊನೆಯ ಸೆಕೆಂಡು ಬಾಗಿದ ಆ ತುದಿಯ ಮೇಲೆಯೇ ನಿಲ್ಲಲಿ.

ಬೆರಳು ನಲವತ್ತು ದಾಟಿದ ಹೆಂಗಸಿನದು, ಚರ್ಮ ಗಾಢ ಕಂದು, ಉಗುರು ಚಿಕ್ಕದು, ಬಣ್ಣ ಹಚ್ಚಿಲ್ಲ. ಗಿಣ್ಣಿನ ಗೆರೆಗಳು, ಬೆರಳ ತುದಿಯ ರೇಖೆಗಳು ಸ್ಪಷ್ಟವಾಗಿ ಕಾಣಲಿ. ಅವನ್ನು ನುಣ್ಣಗೆ ಅಳಿಸಬಾರದು. ಕ್ರೀಮು ತಗುಲಿದ ಜಾಗದಲ್ಲಿ ಚರ್ಮ ತೇವದಿಂದ ಮಿನುಗಬಹುದೇ ಹೊರತು ಅದರ ಬಣ್ಣ ಒಂದಿಷ್ಟೂ ತಿಳಿಯಾಗಕೂಡದು. ಈ ಕ್ರೀಮು ಒಣ ಚರ್ಮಕ್ಕೆ ಮಾಡಿದ್ದು, ಬೆಳ್ಳಗಾಗಿಸಲು ಅಲ್ಲ, ಆದ್ದರಿಂದ ಈ ಒಂದು ಮಾತಿನಲ್ಲಿ ರಾಜಿಯಿಲ್ಲ.

ಪರದೆಯ ಮೇಲೆ ಅಕ್ಷರ, ಲಾಂಛನ, ಮಿಂಚಿನ ಕಣ, ಹೊಗೆ ಇರಬಾರದು. ಕ್ಯಾಮೆರಾ ನಡುಗಬಾರದು, ಬೆಳಕು ಮಿಣುಕಬಾರದು, ಎರಡನೆಯ ಬೆರಳು ಕಾಣಬಾರದು. ಸಂಗೀತ ಬೇಡ; ಬೆರಳು ಕ್ರೀಮಿನಿಂದ ಬಿಡಿಸಿಕೊಳ್ಳುವಾಗಿನ ಸಣ್ಣ ಸದ್ದೊಂದೇ ಕೇಳಲಿ.