ಲೇಖನದ ಜೊತೆಗಿನ ಪತ್ರ: ಭಾಷೆ ತಿದ್ದಲು ಬಳಸಿದ ಉಪಕರಣಗಳ ವಿವರ

ಸಂಪಾದಕರಿಗೆ ನಮಸ್ಕಾರ,

‘ರಾತ್ರಿ ಪಾಳಿ ಮತ್ತು ನಿದ್ದೆ: 24 ನರ್ಸ್‌ಗಳ ಅನುಭವ’ ಎಂಬ ನಮ್ಮ ಲೇಖನವನ್ನು ನಿಮ್ಮ ಪರಿಶೀಲನೆಗೆ ಕಳಿಸುತ್ತಿದ್ದೇವೆ. ಇದು ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆ ಪತ್ರಿಕೆಗೂ ಕಳಿಸಿಲ್ಲ. ಮೂವರು ಲೇಖಕರೂ ಕೊನೆಯ ಪ್ರತಿ ಓದಿ ಒಪ್ಪಿದ್ದೇವೆ.

ಬರೆಯುವಾಗ ಎಐ ನೆರವು ಪಡೆದಿದ್ದರೆ ಅದನ್ನು ಲೇಖನದಲ್ಲೂ ಜೊತೆಗಿನ ಪತ್ರದಲ್ಲೂ ತಿಳಿಸಬೇಕು ಎಂದು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ 2023ರಲ್ಲಿ ಹೇಳಿದೆ. ಅದರಂತೆ ಈ ವಿವರ.

ಕನ್ನಡದ ಮೂಲ ಬರಹ ಪೂರ್ತಿ ನಮ್ಮದೇ. ಕಾಗುಣಿತ ನೋಡಲು ಲಿಬ್ರೆ ಆಫೀಸ್ ಬಳಸಿದೆವು. ಇಂಗ್ಲಿಷ್ ಸಾರಾಂಶವನ್ನೂ ನಾವೇ ಬರೆದು, ವ್ಯಾಕರಣ ತಿದ್ದಲು ಮತ್ತು ಪದಮಿತಿಗೆ ಇಳಿಸಲು ಚಾಟ್‌ಜಿಪಿಟಿ ಬಳಸಿದೆವು.

‘ಭಾಷೆ ಮಾತ್ರ ತಿದ್ದಿಸಿದ್ದು’ ಅಂತ ಒಂದು ಸಾಲಲ್ಲಿ ಮುಗಿಸಬಹುದಿತ್ತು. ಆದರೆ ಚರ್ಚೆಯ ಭಾಗದ ಮೂರನೇ ಪ್ಯಾರಾಕ್ಕೆ ಆ ಮಾತು ಸಾಲದು. ಆ ಪ್ಯಾರಾವನ್ನೂ ಚಾಟ್‌ಜಿಪಿಟಿಗೆ ಕೊಟ್ಟಿದ್ದೆವು. ಅಲ್ಲಿ ವಾಕ್ಯಗಳ ಜೊತೆಗೆ ಅವುಗಳ ಕ್ರಮವೂ ಅದರ ಸಲಹೆಯಿಂದ ಬದಲಾಗಿದೆ. ನಾವು ಕೊನೆಗೆ ಇಟ್ಟಿದ್ದ ವಿಚಾರ ಈಗ ಮೊದಲಿಗೆ ಬಂದಿದೆ. ಕ್ರಮ ಬದಲಾದರೆ ವಾದದ ಒತ್ತೂ ಸ್ವಲ್ಪ ಬದಲಾಗುತ್ತದೆ, ಅಲ್ವಾ? ಹಾಗಾಗಿ ಆ ಪ್ಯಾರಾವನ್ನು ಬೇರೆಯಾಗಿ ಹೆಸರಿಸುತ್ತಿದ್ದೇವೆ. ಹೊಸ ಕ್ರಮವೇ ಓದುಗರಿಗೆ ಸಲೀಸು ಅನ್ನಿಸಿ ಉಳಿಸಿಕೊಂಡೆವು. ಅಲ್ಲಿನ ವಿಚಾರಗಳೆಲ್ಲ ನಮ್ಮ ಮೊದಲ ಪ್ರತಿಯಲ್ಲೇ ಇವೆ.

ಎಲ್ಲ ಸಲಹೆಗಳನ್ನೂ ಒಪ್ಪಲಿಲ್ಲ. ‘ಪಾಳಿ ಬದಲಾದ ವಾರ ನಿದ್ದೆ ಕಡಿಮೆಯಾಯಿತು ಎಂದು ಹಲವರು ಹೇಳಿದರು’ ಎಂಬ ಅರ್ಥದ ಸಾರಾಂಶದ ಸಾಲನ್ನು ಚಿಕ್ಕದು ಮಾಡುವಾಗ ‘ಪಾಳಿ ಬದಲಾವಣೆಯಿಂದ ನಿದ್ದೆ ಕಡಿಮೆಯಾಗುತ್ತದೆ’ ಎಂಬ ರೂಪ ಬಂತು. ಓದಲು ಚೆನ್ನಾಗಿತ್ತು, ಆದರೆ ಸಂದರ್ಶನಗಳಿಂದ ಅಷ್ಟು ದೊಡ್ಡ ಮಾತು ಆಡಲು ಬರುವುದಿಲ್ಲ. ಹಳೆಯ ಸಾಲನ್ನೇ ಇಟ್ಟುಕೊಂಡು ಬೇರೆ ಕಡೆ ಪದ ಕಡಿಮೆ ಮಾಡಿದೆವು.

ನರ್ಸ್‌ಗಳ ಮಾತಿಗೆ ಮಾತ್ರ ಕೈ ಹಚ್ಚಿಲ್ಲ. ‘ನಿದ್ದಿ ಬರಂಗಿಲ್ರೀ’ ಎಂದವರ ಮಾತು ಹಾಗೇ ಇದೆ. ಕಾಗುಣಿತ ತಪ್ಪೆಂದು ಕೆಂಪು ಗೆರೆ ಬಿದ್ದರೂ ಬಿಟ್ಟಿದ್ದೇವೆ. ಸಂದರ್ಶನದ ಧ್ವನಿಮುದ್ರಣವನ್ನಾಗಲಿ, ಬರಹರೂಪವನ್ನಾಗಲಿ ಯಾವ ಆನ್‌ಲೈನ್ ಉಪಕರಣಕ್ಕೂ ಕೊಟ್ಟಿಲ್ಲ. ಭಾಗವಹಿಸಿದವರಿಂದ ಪಡೆದ ಒಪ್ಪಿಗೆಯಲ್ಲಿ ಅದಕ್ಕೆ ಅನುಮತಿ ಇರಲಿಲ್ಲ. ಸಂದರ್ಶನಗಳನ್ನು ಕೇಳಿ ಬರೆದುಕೊಂಡಿದ್ದು, ವಿಂಗಡಿಸಿದ್ದು ಲೇಖಕರೇ. ಆಕರಗಳನ್ನು ಹುಡುಕಿ, ಮೂಲ ತೆಗೆದು ಓದಿದ್ದೂ ನಾವೇ.

ಲೇಖನದ ಕೃತಜ್ಞತೆಯ ಭಾಗದಲ್ಲಿ ಇದನ್ನೇ ಚಿಕ್ಕದಾಗಿ ಬರೆದಿದ್ದೇವೆ. ಉಪಕರಣವನ್ನು ಲೇಖಕರ ಪಟ್ಟಿಗೆ ಸೇರಿಸಿಲ್ಲ. ತಪ್ಪಿದ್ದರೆ ಉತ್ತರ ಕೊಡಬೇಕಾದವರು ನಾವು ಮೂವರು. ತಿದ್ದುವ ಮೊದಲಿನ ಮತ್ತು ನಂತರದ ಪ್ರತಿಗಳು ನಮ್ಮ ಬಳಿ ಇವೆ. ಕೇಳಿದರೆ ಕಳಿಸುತ್ತೇವೆ. ಮೂರನೇ ಪ್ಯಾರಾದ ಬದಲಾವಣೆ ನಿಮ್ಮ ನಿಯಮಕ್ಕೆ ಒಗ್ಗದಿದ್ದರೆ ಮೊದಲಿನ ರೂಪವನ್ನೇ ಹಾಕಿಕೊಡುತ್ತೇವೆ. ಈ ಪತ್ರವನ್ನು ವಿಮರ್ಶಕರಿಗೆ ತೋರಿಸಲು ನಮ್ಮ ಅಭ್ಯಂತರವಿಲ್ಲ.

ಇಂತಿ,
ಲೇಖನದ ಮೊದಲ ಲೇಖಕಿ
ಸಹಲೇಖಕರಿಬ್ಬರ ಪರವಾಗಿಯೂ