ಬಿಲ್ಡ್ 2.3.0 ಅಂಗೀಕರಿಸಲು ಸಾಧ್ಯವಾಗದಿರುವ ಕುರಿತು

ಬ್ಯಾಡಗಿ
7 ಜನವರಿ 2025

ಇವರಿಗೆ,
ಯೋಜನಾ ವ್ಯವಸ್ಥಾಪಕರು,
ಪಟ್ಟಿ ಮತ್ತು ಖಾತೆ ತಂತ್ರಾಂಶ ಯೋಜನೆ,
ಹುಬ್ಬಳ್ಳಿ

ವಿಷಯ: ತಾವು 3 ಜನವರಿಯಂದು ಒಪ್ಪಿಸಿದ ಬಿಲ್ಡ್ 2.3.0ರ ಅಂಗೀಕಾರ ಪರೀಕ್ಷೆಯ ಫಲಿತಾಂಶ
ಉಲ್ಲೇಖ: ಸೆಪ್ಟೆಂಬರ್ 2024ರ ಒಪ್ಪಂದ, ಅನುಬಂಧ 2 (ಅಂಗೀಕಾರ ಮಾನದಂಡಗಳು)

ಮಾನ್ಯರೇ,

ಹೇಳಿದ ದಿನಕ್ಕೆ ಬಿಲ್ಡ್ ಒಪ್ಪಿಸಿದ್ದಕ್ಕೂ, ಪರೀಕ್ಷೆ ನಡೆದ ದಿನಗಳಲ್ಲಿ ತಮ್ಮ ತಂಡದವರು ಫೋನಿಗೆ ಸಿಕ್ಕು ತಾಳ್ಮೆಯಿಂದ ಉತ್ತರಿಸಿದ್ದಕ್ಕೂ ಮೊದಲು ಧನ್ಯವಾದಗಳು. ಆದರೆ ಈ ಬಿಲ್ಡ್ ಅನ್ನು ನಮ್ಮ ಸಹಕಾರ ಸಂಘ ಅಂಗೀಕರಿಸುವ ಸ್ಥಿತಿಯಲ್ಲಿ ಇಲ್ಲ ಎಂದು ತಿಳಿಸಬೇಕಾಗಿದೆ. ಅನುಬಂಧ 2ರ ಹದಿನಾಲ್ಕು ಮಾನದಂಡಗಳಲ್ಲಿ ಒಂಬತ್ತು ಉತ್ತೀರ್ಣವಾಗಿವೆ, ಐದು ಆಗಿಲ್ಲ. ಆ ಐದರಲ್ಲಿ ಮೂರು ನೇರವಾಗಿ ರೈತರ ಕೈಗೆ ಸೇರುವ ಹಣಕ್ಕೆ ಸಂಬಂಧಿಸಿದವು.

ಪರೀಕ್ಷೆಯನ್ನು ನಮ್ಮ ಕಚೇರಿಯ ಪ್ರತ್ಯೇಕ ಕಂಪ್ಯೂಟರಿನಲ್ಲಿ, ತಮ್ಮವರೇ ಅಳವಡಿಸಿಕೊಟ್ಟ ಸಂರಚನೆಯಲ್ಲಿ ನಡೆಸಲಾಯಿತು. ಜನವರಿ 2ರ ಗುರುವಾರದ ಮಾರುಕಟ್ಟೆಯ ಆವಕವನ್ನು ಹೆಸರು, ದರ ಬದಲಿಸಿ ಮಾದರಿಯಾಗಿ ಬಳಸಿದ್ದೇವೆ. ರೈತರ ಮಾರಾಟದ ಪಟ್ಟಿ ಬರೆಯುವ ಗುಮಾಸ್ತರು ಮತ್ತು ತೂಕದ ಕಟ್ಟೆಯ ಸಿಬ್ಬಂದಿ ಜೊತೆಗಿದ್ದರು.

ಮಾನದಂಡ 3, ತೂಕ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ತೆರೆಯ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಏಳು ಚೀಲದ ಒಂದು ಲಾಟ್ ತೆಗೆದುಕೊಳ್ಳಿ. ಚೀಲದ ತೂಕ ಕಳೆದ ನಂತರ ಮೆಣಸಿನಕಾಯಿಯ ತೂಕ ಕ್ರಮವಾಗಿ 41.6, 42.4, 40.7, 43.5, 41.8, 42.6 ಮತ್ತು 40.9 ಕೆ.ಜಿ. ಒಟ್ಟು 293.5 ಕೆ.ಜಿ. ಚೀಲವಾರು ತೂಕ ತೋರಿಸುವ ಪುಟದಲ್ಲಿ ಈ ಏಳೂ ಅಂಕಿ ದಶಮಾಂಶ ಸಹಿತ ಸರಿಯಾಗಿವೆ. ಪಟ್ಟಿ ಮಾಡುವಾಗ ಮಾತ್ರ ತಂತ್ರಾಂಶ ಪ್ರತಿ ಚೀಲದ ದಶಮಾಂಶವನ್ನು ಕತ್ತರಿಸಿ ಆಮೇಲೆ ಕೂಡುತ್ತಿದೆ. ತಮ್ಮ ರಫ್ತು ಕಡತದ ಸಾಲೇ ಇದನ್ನು ಹೇಳುತ್ತದೆ:

```
lot_no,bags,weighed_kg,billed_kg
1184,7,293.5,289
```

ಪರೀಕ್ಷೆಗೆ ಇಟ್ಟ ದರ ಕ್ವಿಂಟಲಿಗೆ 24,600 ರೂಪಾಯಿ. ರೈತರಿಗೆ ಸಲ್ಲಬೇಕಾದದ್ದು 72,201 ರೂಪಾಯಿ, ಪಟ್ಟಿಯಲ್ಲಿ ಬಂದದ್ದು 71,094. ಏಳೇ ಚೀಲಕ್ಕೆ 1,107 ರೂಪಾಯಿ ಕಡಿಮೆ. ಅದೂ ಒಮ್ಮೆ ಆಚೆ ಒಮ್ಮೆ ಈಚೆ ಆಗುವ ವ್ಯತ್ಯಾಸವಲ್ಲ. ಕತ್ತರಿಸುವುದರಿಂದ ಪ್ರತಿ ಸಲವೂ ನಷ್ಟ ರೈತರಿಗೇ. ಸೋಮವಾರ, ಗುರುವಾರ ಎಷ್ಟು ಚೀಲ ಈ ಪ್ರಾಂಗಣಕ್ಕೆ ಬರುತ್ತವೆ ಎಂಬುದನ್ನು ತಾವು ಬಂದಾಗ ಕಣ್ಣಾರೆ ಕಂಡಿದ್ದೀರಿ. ಮಾನದಂಡದ ಪ್ರಕಾರ ತೂಕವನ್ನು 100 ಗ್ರಾಂವರೆಗೆ ಹಿಡಿದು, ಮೊದಲು ಕೂಡಿ, ಕೊನೆಯಲ್ಲಿ ಮೊತ್ತವನ್ನು ಮಾತ್ರ ಹತ್ತಿರದ ರೂಪಾಯಿಗೆ ಸರಿಹೊಂದಿಸಬೇಕು. ಬಿಲ್ಡ್ ಜೊತೆಗೆ ಕಳಿಸಿದ ಟಿಪ್ಪಣಿಯಲ್ಲಿ ತೂಕದ ದೋಷ ಪರಿಹಾರವಾಗಿದೆ ಎಂದಿತ್ತು. ಚೀಲವಾರು ಪುಟದ ಮಟ್ಟಿಗೆ ಅದು ನಿಜ. ಪಟ್ಟಿಯವರೆಗೆ ಪರಿಹಾರ ತಲುಪಿಲ್ಲ.

ಮಾನದಂಡ 4, ದಲಾಲಿ. ಕೃಷಿ ಮಾರುಕಟ್ಟೆಯ ನಿಯಮದಂತೆ ದಲಾಲಿಯನ್ನು ಖರೀದಿದಾರರಿಂದ ಪಡೆಯಬೇಕೇ ಹೊರತು ರೈತರ ಹಣದಲ್ಲಿ ಮುರಿದುಕೊಳ್ಳುವಂತಿಲ್ಲ. ಈ ಬಿಲ್ಡ್‌ನಲ್ಲಿ ಖರೀದಿದಾರರ ಬಿಲ್ಲಿನಲ್ಲಿ ದಲಾಲಿ ಸರಿಯಾಗಿ ಸೇರುತ್ತಿದೆ. ಜೊತೆಗೆ ರೈತರ ಪಟ್ಟಿಯ ಕಡಿತದ ಭಾಗದಲ್ಲೂ ಅದೇ ಮೊತ್ತ ಇನ್ನೊಮ್ಮೆ ಬರುತ್ತಿದೆ. ಬೇರೆ ರಾಜ್ಯದ ಮಾರುಕಟ್ಟೆಗೆಂದು ಬರೆದ ಮಾದರಿಯನ್ನು ಇಲ್ಲಿಗೆ ತಂದಿರಬಹುದು ಎಂಬುದು ನನ್ನ ಊಹೆ, ತಪ್ಪಿದ್ದರೆ ತಿದ್ದಿ. ಸೆಟ್ಟಿಂಗ್ಸ್‌ನಲ್ಲಿ ಆ ಸಾಲನ್ನು ಸೊನ್ನೆ ಮಾಡಿಕೊಳ್ಳಬಹುದು ಎಂದು ತಮ್ಮ ತಂಡ ಸೂಚಿಸಿತ್ತು. ಮಾಡಿ ನೋಡಿದೆವು. ಖರೀದಿದಾರರ ದಲಾಲಿಯೂ ಸೊನ್ನೆಯಾಯಿತು. ಅಲ್ಲದೆ, ಯಾರೋ ಒಬ್ಬರು ಸೆಟ್ಟಿಂಗ್ಸ್ ಮುಟ್ಟಿದರೆ ರೈತರ ಪಟ್ಟಿಯಲ್ಲಿ ದಲಾಲಿ ಕಾಣಿಸಿಕೊಳ್ಳುವ ಸಾಧ್ಯತೆಯೇ ಇರಬಾರದು. ಆ ಸಾಲು ಆ ನಮೂನೆಯಿಂದ ಪೂರ್ತಿ ಹೋಗಬೇಕು.

ಮಾನದಂಡ 8, ಹಳೆಯ ಖಾತೆದಾರರ ಹೆಸರು. ನಮ್ಮ ಹಳೆಯ ಪಟ್ಟಿಗಳೆಲ್ಲ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಅಕ್ಷರ ವಿನ್ಯಾಸದಲ್ಲಿ ಇದ್ದವು ಎಂಬುದನ್ನು ಮೊದಲ ಸಭೆಯಲ್ಲೇ ತಿಳಿಸಿದ್ದೆವು. ಪರಿವರ್ತನೆಯ ಹೆಚ್ಚಿನ ಭಾಗ ಚೆನ್ನಾಗಿ ಬಂದಿದೆ, ಒತ್ತಕ್ಷರಗಳು ಎಲ್ಲೂ ಕೆಟ್ಟಿಲ್ಲ. ಎಡವಿರುವುದು ಅರ್ಕಾವೊತ್ತಿನಲ್ಲಿ. ಹಳೆಯ ವಿನ್ಯಾಸದಲ್ಲಿ ಅದು ಅಕ್ಷರದ ನಂತರ ಕುಳಿತಿರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಅಕ್ಷರಕ್ಕೆ ಮೊದಲೇ ಬರಬೇಕು. ಇದ್ದ ಜಾಗದಲ್ಲೇ ಬದಲಿಸಿದ್ದರಿಂದ ಧರ್ಮಣ್ಣ ‘ಧಮರ್ಣ್ಣ’ ಆಗಿದ್ದಾರೆ, ಕರ್ಜಗಿ ಊರು ‘ಕಜರ್ಗಿ’ ಆಗಿದೆ. ನೋಡಿದವರು ನಕ್ಕು ಸುಮ್ಮನಾಗಬಹುದಾದ ತಪ್ಪು ಇದಲ್ಲ. ಹೆಸರು ಹುಡುಕಿದರೆ ಖಾತೆ ಸಿಗುವುದಿಲ್ಲ; ಸಿಗದಿದ್ದರೆ ಗುಮಾಸ್ತರು ಹೊಸ ಖಾತೆ ತೆರೆಯುತ್ತಾರೆ; ಹಳೆಯ ಮುಂಗಡ ಒಂದು ಕಡೆ, ಹೊಸ ಪಟ್ಟಿ ಇನ್ನೊಂದು ಕಡೆ ಉಳಿಯುತ್ತದೆ. ಅರ್ಕಾವೊತ್ತು ಇರುವ ಹೆಸರು ಮತ್ತು ಊರುಗಳ ಪೂರ್ತಿ ಪಟ್ಟಿಯನ್ನು, ನಮ್ಮ ಗುಮಾಸ್ತರು ತಿದ್ದಿದ ರೂಪದೊಂದಿಗೆ, ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಮುಂದಿನ ಪರಿವರ್ತನೆಯನ್ನು ಅದರೊಂದಿಗೆ ತಾಳೆ ನೋಡಬಹುದು.

ಮಾನದಂಡ 11, ಸಂಪರ್ಕ ಕಡಿದಾಗ. ತೂಕದ ಕಟ್ಟೆಯಲ್ಲಿ ಇಂಟರ್‌ನೆಟ್ ಹೋಗುವುದು, ಬರುವುದು ದಿನನಿತ್ಯದ ಮಾತು. ಸಂಪರ್ಕ ಇಲ್ಲದಾಗಲೂ ನಮೂದು ಉಳಿಯಬೇಕು, ಬಂದ ಕೂಡಲೇ ಒಮ್ಮೆ, ಒಮ್ಮೆ ಮಾತ್ರ, ಕಚೇರಿಗೆ ತಲುಪಬೇಕು ಎಂಬುದು ಮಾನದಂಡ. ಉಳಿಯುವ ಭಾಗ ಉತ್ತೀರ್ಣ. ಕೇಬಲ್ ತೆಗೆದು ಇಪ್ಪತ್ತು ಲಾಟ್ ನಮೂದಿಸಿ ಮತ್ತೆ ಜೋಡಿಸಿದಾಗ ಇಪ್ಪತ್ತೂ ಬಂದವು, ಅದರಲ್ಲಿ ಆರು ಎರಡೆರಡು ಬಾರಿ ಬಂದವು. ಎರಡನೆಯ ಪ್ರತಿಗೆ ಬೇರೆಯೇ ಪಟ್ಟಿ ಸಂಖ್ಯೆ ಬಿದ್ದಿರುವುದರಿಂದ ಅದು ನಕಲು ಎಂದು ಗುರುತಿಸಲು ಕಚೇರಿಯಲ್ಲಿ ಯಾವ ದಾರಿಯೂ ಇಲ್ಲ. ಲಾಟ್ ನಮೂದಾದ ಕ್ಷಣವೇ ಕಟ್ಟೆಯ ಯಂತ್ರದಲ್ಲೇ ಅದಕ್ಕೊಂದು ಗುರುತು ಸಂಖ್ಯೆ ಬಿದ್ದರೆ, ಅದೇ ಸಂಖ್ಯೆ ಮತ್ತೆ ಬಂದಾಗ ಸರ್ವರ್ ಬಿಟ್ಟುಬಿಡಬಹುದಲ್ಲವೇ? ಹೇಗೆ ಮಾಡುತ್ತೀರಿ ಎಂಬುದು ತಮಗೆ ಬಿಟ್ಟದ್ದು.

ಮಾನದಂಡ 12, ರೈತರಿಗೆ ಹೋಗುವ ಸಂದೇಶ. ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದರೆ ಒಂದು ಸಂದೇಶಕ್ಕೆ 160 ಅಲ್ಲ, 70 ಅಕ್ಷರ ಸಂಕೇತಗಳ ಮಿತಿ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ತಂತ್ರಾಂಶ 160ರ ಲೆಕ್ಕವನ್ನೇ ಹಿಡಿದಿದೆ. ಮೊಬೈಲಿಗೆ ಬಂದ ಸಂದೇಶದಲ್ಲಿ ಸಂಘದ ಪರವಾಗಿ ನಮಸ್ಕಾರ, ಲಾಟ್ ಸಂಖ್ಯೆ, ಚೀಲದ ಎಣಿಕೆ ಎಲ್ಲ ಇದ್ದು, ‘ಪಾವತಿ ಮೊತ್ತ ರೂ.’ ಎಂಬಲ್ಲಿ ಮುಗಿದುಹೋಗಿತ್ತು. ರೈತರು ಓದಲು ಕಾಯುವುದು ಅದರ ಮುಂದಿನ ಅಂಕಿಯನ್ನೇ. ನಮಸ್ಕಾರವನ್ನು ಕೈಬಿಟ್ಟು ಮೊತ್ತವನ್ನು ಮೊದಲಿಗೆ ತರಲು ನಮ್ಮ ಒಪ್ಪಿಗೆ ಇದೆ. ಆದರೆ ಸಂದೇಶದ ಒಕ್ಕಣೆ ಬದಲಾದರೆ ಟ್ರಾಯ್ ನಿಯಮದಂತೆ ಅದನ್ನು ಮತ್ತೆ ನೋಂದಾಯಿಸಬೇಕು. ಆದ್ದರಿಂದ ಉಳಿದ ತಿದ್ದುಪಡಿಗೆ ಕಾಯದೆ ಹೊಸ ಒಕ್ಕಣೆಯನ್ನು ಈ ವಾರವೇ ಕಳಿಸಿಕೊಡಿ.

ಉತ್ತೀರ್ಣವಾದ ಒಂಬತ್ತರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಟೆಂಡರ್ ಫಲಿತಾಂಶದ ಕಡತವನ್ನು ಎಳೆದುಕೊಳ್ಳುವ ವೇಗ ನಮ್ಮ ನಿರೀಕ್ಷೆಗಿಂತ ಚೆನ್ನಾಗಿದೆ. ಹಮಾಲಿ ಲೆಕ್ಕದ ವರದಿಯನ್ನು ಗುಮಾಸ್ತರು ಬಹಳ ಮೆಚ್ಚಿದರು. ಡಬ್ಬಿ ಮತ್ತು ಕಡ್ಡಿ ತಳಿಗಳಿಗೆ ತೆರೆಯ ಮೇಲೆ ಒಂದೇ ಕೆಂಪು ಬಣ್ಣ ಇರುವುದು ಕೆಲವರಿಗೆ ಗೊಂದಲ ತಂದಿತು. ಅದು ಮಾನದಂಡದಲ್ಲಿ ಇಲ್ಲ, ಹಾಗಾಗಿ ವಿಫಲತೆಯ ಲೆಕ್ಕಕ್ಕೆ ಸೇರಿಸಿಲ್ಲ, ಬಿಡುವಾದಾಗ ನೋಡಿ.

ನಿನ್ನೆ ಫೋನಿನಲ್ಲಿ ತಾವು ಷರತ್ತುಬದ್ಧ ಅಂಗೀಕಾರದ ಮಾತು ಎತ್ತಿದಿರಿ: ಈಗ ಸಹಿ ಹಾಕಿ, ತಿದ್ದುಪಡಿ ಮುಂದಿನ ವಾರ ಎಂದು. ಸುಗ್ಗಿ ಶುರುವಾಗಿರುವಾಗ ತಡ ಆಗಬಾರದೆಂಬ ತಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ ತಡವಾದರೆ ನಾವು ಕೈಬರಹದ ಪಟ್ಟಿಯಲ್ಲಿ ಇನ್ನೆರಡು ವಾರ ನಡೆಸಬಲ್ಲೆವು, ತಪ್ಪು ಪಟ್ಟಿ ಒಂದು ದಿನವೂ ನಡೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಈ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಎಲ್ಲಿಗೆ ಮುಟ್ಟಿತು ಎಂಬುದು ರಾಜ್ಯಕ್ಕೇ ಗೊತ್ತು. ಅದಕ್ಕೆ ಕಾರಣ ಯಾವ ತಂತ್ರಾಂಶವೂ ಅಲ್ಲ, ಆದರೆ ದರ ಇಳಿದ ದಿನ ರೈತರು ಪಟ್ಟಿಯ ಒಂದೊಂದು ಸಾಲನ್ನೂ ಕೂಡಿ ಕಳೆದು ನೋಡುತ್ತಾರೆ. ಆ ಹೊತ್ತಿನಲ್ಲಿ ಕೌಂಟರಿನಲ್ಲಿ ಕೂತಿರುವವರು ನಮ್ಮ ಗುಮಾಸ್ತರು.

ಮೇಲಿನ ಐದೂ ಸಹಿಯಾದ ಅನುಬಂಧದಲ್ಲಿ ಇರುವ ಅಂಶಗಳಾದ್ದರಿಂದ ಇವುಗಳನ್ನು ಹೊಸ ಬೇಡಿಕೆ ಎಂದು ಪರಿಗಣಿಸಿ ಪ್ರತ್ಯೇಕ ದರಪಟ್ಟಿ ಕಳಿಸಬಾರದೆಂದು ವಿನಂತಿ. ಅಂಗೀಕಾರಕ್ಕೆ ಜೋಡಿಸಿದ ಮೂರನೆಯ ಕಂತು ಒಪ್ಪಂದದಂತೆ ಸದ್ಯಕ್ಕೆ ತಡೆಯಲ್ಲಿ ಇರುತ್ತದೆ. ಹಿಂದಿನ ಎರಡು ಕಂತುಗಳಿಗೆ ಇದರಿಂದ ಯಾವ ಬಾಧೆಯೂ ಇಲ್ಲ.

ತಿದ್ದಿದ ಬಿಲ್ಡ್ ಜನವರಿ 17ರ ಶುಕ್ರವಾರದೊಳಗೆ ತಲುಪಿದರೆ, ಶನಿವಾರ ಮತ್ತು ಭಾನುವಾರ ನಾವು ಹದಿನಾಲ್ಕು ಮಾನದಂಡಗಳನ್ನೂ ಮೊದಲಿನಿಂದ ಪರೀಕ್ಷಿಸುತ್ತೇವೆ. ಐದನ್ನು ಮಾತ್ರ ನೋಡಿದರೆ ಸಾಲದು, ತೂಕದ ಲೆಕ್ಕ ತಿದ್ದುವಾಗ ಹಮಾಲಿಯ ಲೆಕ್ಕ ಅಲುಗಬಹುದು. ಎಲ್ಲವೂ ಸರಿ ಬಂದರೆ ಸೋಮವಾರ ಕೈಬರಹದ ಪಟ್ಟಿಯ ಜೊತೆಗೆ ಸಮಾನಾಂತರವಾಗಿ ನಡೆಸಿ ನೋಡಿ, 23ರ ಗುರುವಾರದ ಮಾರುಕಟ್ಟೆಗೆ ತಂತ್ರಾಂಶವನ್ನೇ ನೆಚ್ಚಿಕೊಳ್ಳಬಹುದು. ಈ ದಿನಾಂಕ ತಮಗೆ ಕಷ್ಟವೆನಿಸಿದರೆ ಸಾಧ್ಯವಾಗುವ ದಿನಾಂಕವನ್ನೇ ತಿಳಿಸಿ. ಆಗದ ದಿನವನ್ನು ಒಪ್ಪಿಕೊಳ್ಳುವುದಕ್ಕಿಂತ ಅದು ನಮಗೂ ಅನುಕೂಲ.

ತಮ್ಮ ತಂಡದವರು ಒಮ್ಮೆ ಇಲ್ಲಿಗೆ ಬಂದು ತೂಕ ಮತ್ತು ಸಂಪರ್ಕದ ದೋಷಗಳನ್ನು ಕಟ್ಟೆಯಲ್ಲೇ ನೋಡುವುದಾದರೆ ಜನವರಿ 10ರ ಶುಕ್ರವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ. ಮಾರುಕಟ್ಟೆಯ ದಿನ ಮಾತ್ರ ಬೇಡ, ಕೂರಲು ಜಾಗವೂ ಸಿಗುವುದಿಲ್ಲ. ಪತ್ರ ತಲುಪಿದ ಬಗ್ಗೆ ಮತ್ತು ಬರುವ ದಿನದ ಬಗ್ಗೆ ಗುರುವಾರದೊಳಗೆ ಒಂದು ಸಾಲು ಬರೆಯಿರಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸಹಿ
ತಂತ್ರಾಂಶ ಪರೀಕ್ಷಕಿ, ಲೆಕ್ಕಪತ್ರ ವಿಭಾಗ

ಅಡಕ: ಮಾನದಂಡವಾರು ಫಲಿತಾಂಶ ಪಟ್ಟಿ, ಲಾಟ್ 1184ರ ಚೀಲವಾರು ತೂಕ ಮತ್ತು ಮುದ್ರಿತ ಪಟ್ಟಿಯ ಪ್ರತಿ, ಅರ್ಕಾವೊತ್ತಿನ ಹೆಸರುಗಳ ತಿದ್ದಿದ ಪಟ್ಟಿ, ಸಂಪರ್ಕ ಕಡಿತದ ಪರೀಕ್ಷೆಯ ತೆರೆ ಮುದ್ರಣ
ಪ್ರತಿ: ಸಂಘದ ಕಾರ್ಯದರ್ಶಿಗಳಿಗೆ, ಮಾಹಿತಿಗಾಗಿ